ಐದು ನಿಮಿಷ, ಒಂದು ಗುಂಡಿ

ಬೆಳಗ್ಗೆ ತಿಂಡಿಯ ಹೊತ್ತಿಗೆ ಹೋಟೆಲ್ಲಿನ ಹಾಲ್‌ನಲ್ಲಿ ಸೇರುವ ವ್ಯಾಪಾರಿ ಬಳಗಗಳು ಈಗ ಬೆಂಗಳೂರಿಗಷ್ಟೇ ಸೀಮಿತವಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇವೆ. ಒಂದು ವೃತ್ತಿಗೆ ಒಬ್ಬರೇ ಸದಸ್ಯರು ಎನ್ನುವುದು ಇಂಥ ಬಳಗಗಳ ಹಳೆಯ ಪದ್ಧತಿ. 1905ರಲ್ಲಿ ಪಾಲ್ ಹ್ಯಾರಿಸ್ ಷಿಕಾಗೋದಲ್ಲಿ ರೋಟರಿ ಶುರು ಮಾಡಿದ ಕಾಲದಲ್ಲೂ ಅದಿತ್ತು, 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವನ್ ಮಿಸ್ನರ್ ಹುಟ್ಟುಹಾಕಿದ ಬಿಎನ್‌ಐ ಕೂಡ ಅದನ್ನೇ ಪಾಲಿಸುತ್ತದೆ. ಸದಸ್ಯರು ಸರದಿಯಂತೆ ಎದ್ದು ನಿಂತು ತಮ್ಮ ಕಸುಬಿನ ಬಗ್ಗೆ ಮಾತಾಡುತ್ತಾರೆ. ಐದು ನಿಮಿಷ ಸಿಕ್ಕಿತೆನ್ನಿ. ಬಹಳಷ್ಟು ಜನ ಅದನ್ನು ಹೀಗೆ ಕಳೆಯುತ್ತಾರೆ: "ನಮ್ಮದು ಹದಿನೈದು ವರ್ಷದ ಸಂಸ್ಥೆ. ವೈರಿಂಗ್, ಪ್ಯಾನೆಲ್ ಬೋರ್ಡ್, ಯುಪಿಎಸ್, ಸೋಲಾರ್, ಸಿಸಿಟಿವಿ ಎಲ್ಲ ಮಾಡಿಕೊಡುತ್ತೇವೆ. ಗುಣಮಟ್ಟದಲ್ಲಿ ರಾಜಿ ಇಲ್ಲ, ರೇಟೂ ಕಡಿಮೆ."

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಪಕ್ಕದ ಬೀದಿಯ ಪ್ರತಿಸ್ಪರ್ಧಿಯೂ ಇದೇ ಮಾತನ್ನು ಒಂದಕ್ಷರ ಬದಲಿಸದೆ ಹೇಳಬಹುದು. ಇನ್ನೂ ದೊಡ್ಡ ತೊಂದರೆ ಬೇರೆ ಇದೆ. ಎದುರಿಗೆ ಕೂತ ಮೂವತ್ತು ನಲವತ್ತು ಜನರಲ್ಲಿ ಈ ವಾರ ವೈರಿಂಗ್ ಮಾಡಿಸಬೇಕಾದವರು ಒಬ್ಬರೂ ಇಲ್ಲದಿರಬಹುದು. ಅವರ ಅಂಗಡಿಗೆ ಬರುವ ಗಿರಾಕಿ, ಅವರ ಭಾವಮೈದುನ, ಅವರ ಕಟ್ಟಡದ ಮಾಲೀಕ ಇಂಥವರಲ್ಲಿ ಯಾರಿಗೋ ಬೇಕಾಗಿರುತ್ತದೆ. ಅಂದರೆ ಭಾಷಣ ತಲುಪಬೇಕಾದ ವ್ಯಕ್ತಿ ಹಾಲ್‌ನಲ್ಲೇ ಇಲ್ಲ. ಕೂತವರು ಹೊತ್ತುಕೊಂಡು ಹೋಗಿ ಅವರಿಗೆ ಮುಟ್ಟಿಸಬೇಕು. ಸೇವೆಗಳ ಪಟ್ಟಿಯನ್ನು ಯಾರೂ ಹೊತ್ತೊಯ್ಯುವುದಿಲ್ಲ. ಉಪಯೋಗಕ್ಕೆ ಬರುವ ಒಂದು ವಿಷಯವಾದರೆ ಅದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಅವರಿಗೇ ಅನಿಸುತ್ತದೆ.

ಆ ಒಂದು ವಿಷಯವನ್ನು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಮೇಲಿನ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಗಿರಾಕಿಗಳಿಗೆ ಮತ್ತೆ ಮತ್ತೆ ಹೇಳಬೇಕಾಗಿ ಬಂದ ಮಾತುಗಳನ್ನು ಅವರು ಒಂದು ಹಾಳೆಯ ಮೇಲೆ ಬರೆದುಕೊಳ್ಳಲಿ: ಅರ್ಥಿಂಗ್ ಸರಿಯಿಲ್ಲ, ಒಂದೇ ಫೇಸ್ ಮೇಲೆ ಲೋಡ್ ಜಾಸ್ತಿಯಾಗಿದೆ, ವೈರ್ ಸಣ್ಣದಾಯಿತು, ಬೋರ್ಡಿನ ಆ ಗುಂಡಿಯನ್ನು ಯಾರೂ ಒತ್ತುವುದೇ ಇಲ್ಲ. ಈಗ ಪ್ರತಿಯೊಂದಕ್ಕೂ ಎರಡು ಪ್ರಶ್ನೆ. ಕೇಳಿದವರು ನನಗೆ ಒಂದು ರೂಪಾಯಿಯನ್ನೂ ಕೊಡದೆ ಇವತ್ತೇ ಇದನ್ನು ಮಾಡಬಹುದೇ? ಮನೆಗೆ ಹೋಗಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಬಲ್ಲರೇ? ಅರ್ಥಿಂಗ್ ನೋಡಲು ಮೀಟರ್ ಬೇಕು, ಲೋಡ್ ತಿಳಿಯಲು ಲೆಕ್ಕ ಬೇಕು, ವೈರಿನ ಅಳತೆ ಮಾಮೂಲಿ ಜನಕ್ಕೆ ಗೊತ್ತಾಗುವುದಿಲ್ಲ. ಕೊನೆಗೆ ಉಳಿಯುವುದು ಗುಂಡಿ.

ಹಾಗಾದರೆ ಇಡೀ ಭಾಷಣದ ವಾಕ್ಯ ಇದು: ಬೋರ್ಡಿನಲ್ಲಿ 'ಟಿ' ಎಂದು ಬರೆದ ಗುಂಡಿಯನ್ನು ಒತ್ತಿ ನೋಡಿ, ಕರೆಂಟ್ ಹೋಗದಿದ್ದರೆ ಶಾಕ್‌ನಿಂದ ಕಾಯುವ ಸಾಧನ ಕೆಲಸ ಮಾಡುತ್ತಿಲ್ಲ.

ಶುರುವನ್ನು ನಮಸ್ಕಾರ, ಧನ್ಯವಾದ, ಸಂಸ್ಥೆಯ ಚರಿತ್ರೆಗೆ ಕೊಡಬೇಕಾಗಿಲ್ಲ. ಹೆಸರನ್ನು ನಿರೂಪಕರು ಹೇಳಿಯಾಗಿರುತ್ತದೆ. "ನಿಮ್ಮ ಅಂಗಡಿಯ ಮೇನ್ ಬೋರ್ಡಿನಲ್ಲಿ 'ಟಿ' ಅಂತ ಬರೆದ ಸಣ್ಣ ಗುಂಡಿ ಇದೆಯಾ? ಅದನ್ನು ಕೊನೇ ಸಲ ಯಾವಾಗ ಒತ್ತಿದ್ರಿ?" ಇಷ್ಟು ಕೇಳಿ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಸಾಕು, ಎಲ್ಲರೂ ಮನಸ್ಸಿನಲ್ಲೇ ತಮ್ಮ ಬೋರ್ಡನ್ನು ನೋಡುತ್ತಿರುತ್ತಾರೆ. ಇದಕ್ಕೆ ಅರ್ಧ ನಿಮಿಷ.

ಮುಂದಿನ ಒಂದೂವರೆ ನಿಮಿಷ ಕಾರಣಕ್ಕೆ. ಸಾಮಾನ್ಯವಾಗಿ ಜನ ಎಂಸಿಬಿ ಇದ್ದರೆ ಸಾಕು ಅಂದುಕೊಂಡಿರುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ಗಿಂತ ಎಷ್ಟೋ ಕಡಿಮೆ ಸಾಕು. 'ಟಿ' ಗುಂಡಿ ಇರುವುದು ಆರ್‌ಸಿಸಿಬಿ ಎಂಬ ಬೇರೊಂದು ಸಾಧನದ ಮೇಲೆ. ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ಅದು ತಾಳೆ ನೋಡುತ್ತಿರುತ್ತದೆ. ಯಾರದೋ ಮೈ ಮೂಲಕ ನೆಲಕ್ಕೆ ಒಂದಿಷ್ಟು ಸೋರಿದರೆ ಲೆಕ್ಕ ತಪ್ಪುತ್ತದೆ, ಸಾಧನ ಬೀಳುತ್ತದೆ. ಜೀವರಕ್ಷಣೆಗೆ ಹಾಕುವ ಆರ್‌ಸಿಸಿಬಿಗೆ 30 ಮಿಲಿಆಂಪಿಯರ್ ಸೋರಿದರೆ ಸಾಕು, ಅಂದರೆ 0.03 ಆಂಪಿಯರ್. ಭಾಷಣದಲ್ಲಿ 16 ಮತ್ತು 0.03 ಎಂಬ ಎರಡೇ ಅಂಕಿ ಇರಲಿ. ಮೂರನೆಯದು ಬಂದರೆ ಮೊದಲೆರಡೂ ಮರೆತುಹೋಗುತ್ತವೆ.

ಆಮೇಲಿನ ಒಂದೂವರೆ ನಿಮಿಷ ಮಾಡುವ ಬಗೆಗೆ. ನನ್ನ ಮಟ್ಟಿಗೆ ಇದೇ ಭಾಷಣದ ಜೀವಾಳ. ಮೊದಲು ಕಂಪ್ಯೂಟರ್, ಬಿಲ್ಲಿಂಗ್ ಯಂತ್ರ ಆಫ್ ಮಾಡಿಕೊಳ್ಳಿ, ಆದರೆ ಬೋರ್ಡಿಗೆ ಕರೆಂಟ್ ಬರುತ್ತಿರಬೇಕು. ಗುಂಡಿ ಒತ್ತಿ ಬಿಡಿ. ಲಿವರ್ ತಟ್ಟನೆ ಕೆಳಗೆ ಬಿದ್ದರೆ ಸರಿಯಿದೆ, ಮತ್ತೆ ಮೇಲೆತ್ತಿ. ಬೀಳದಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ನಿಮ್ಮ ಎಲೆಕ್ಟ್ರಿಷಿಯನ್‌ಗೆ ಹೇಳಿ ಬದಲಾಯಿಸಿಕೊಳ್ಳಿ. ಇಲ್ಲಿ "ನನ್ನನ್ನು ಕರೆಯಿರಿ" ಅನ್ನದೆ "ನಿಮ್ಮ ಎಲೆಕ್ಟ್ರಿಷಿಯನ್" ಅಂದಾಗ, ಇವರು ವ್ಯಾಪಾರಕ್ಕೆ ಬಂದವರಲ್ಲ ಎಂದು ಕೇಳುವವರಿಗೆ ಖಚಿತವಾಗುತ್ತದೆ.

ಒಂದು ನಿಮಿಷ ಮಿತಿಗೆ ಇರಲಿ. ಈ ಗುಂಡಿ ಪರೀಕ್ಷಿಸುವುದು ಸಾಧನವನ್ನು ಮಾತ್ರ, ನಿಮ್ಮ ಅರ್ಥಿಂಗ್ ಸರಿಯಿದೆ ಎಂದು ಅದು ಹೇಳುವುದಿಲ್ಲ. ನೆಲಕ್ಕೆ ಏನೂ ಸೋರದಂತೆ ಒಬ್ಬರು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಹೀಗೆ ಹೇಳುವುದರಿಂದ ಮಾತಿನ ತೂಕ ಹೆಚ್ಚುತ್ತದೆ, ಸಭೆಯಲ್ಲಿರುವ ಎಂಜಿನಿಯರ್ ಕೂಡ ತಲೆದೂಗುತ್ತಾರೆ. ಭಾಷಣ ದಾರಿ ತಪ್ಪುವ ಜಾಗವೂ ಇದೇ. ಅರ್ಥಿಂಗ್ ಎಂಬ ಪದ ಬಾಯಿಗೆ ಬಂದ ಕೂಡಲೇ ಅದನ್ನೂ ವಿವರಿಸಿಬಿಡೋಣ ಎನಿಸುತ್ತದೆ. ಬರೆದದ್ದನ್ನು ಓದುವಾಗ "ಅದೇ ರೀತಿ" ಅಥವಾ "ಇನ್ನೊಂದು ಮುಖ್ಯ ವಿಷಯ" ಎಂಬ ಮಾತು ಕಂಡರೆ ಎರಡನೇ ಭಾಷಣ ಒಳನುಗ್ಗಿದೆ ಎಂದೇ ಅರ್ಥ. ಅದನ್ನು ತೆಗೆದು ಮುಂದಿನ ಸರದಿಗೆ ಇಟ್ಟುಕೊಳ್ಳಬೇಕು.

ಉಳಿದ ಅರ್ಧ ನಿಮಿಷದಲ್ಲಿ ತಮ್ಮ ಕೆಲಸ ಕೇಳಬಹುದು, ಕೇಳಲೇಬೇಕು. ಆದರೆ "ಯಾರಿಗಾದರೂ ಎಲೆಕ್ಟ್ರಿಕಲ್ ಕೆಲಸ ಇದ್ದರೆ ಹೇಳಿ" ಅಂದರೆ ಯಾರ ಮುಖವೂ ಯಾರಿಗೂ ನೆನಪಾಗುವುದಿಲ್ಲ. ಹೀಗೆ ಹೇಳಿ ನೋಡಿ: "ಮಳೆಗಾಲದಲ್ಲಿ ಬೋರ್ಡ್ ಪದೇ ಪದೇ ಟ್ರಿಪ್ ಆಗ್ತಿತ್ತು, ಎಲೆಕ್ಟ್ರಿಷಿಯನ್ ಆ ಸಾಧನ ಬಿಟ್ಟು ನೇರ ಕನೆಕ್ಷನ್ ಕೊಟ್ಟ, ಈಗ ಏನೂ ತೊಂದರೆ ಇಲ್ಲ ಅಂತ ಯಾರಾದರೂ ಹೇಳಿದರೆ, ಅವರ ನಂಬರ್ ನನಗೆ ಕೊಡಿ. ಸೋರಿಕೆ ಹಾಗೇ ಇದೆ, ಕಾವಲು ಮಾತ್ರ ಹೋಗಿದೆ." ಅಂಥ ಅಂಗಡಿಯೊಂದು ಕೇಳುವವರಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ತಯಾರಿ ಮಾಡುವಾಗ ಈ ಕೊನೆಯ ಮಾತನ್ನೇ ಮೊದಲು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಸಮಯ ಮೀರಿದಾಗ ಅವಸರದಲ್ಲಿ ಹಾರಿಹೋಗುವುದು ಇದೇ ಭಾಗ.

ಅಳತೆಯೆಂದರೆ, ಆರಾಮವಾಗಿ ಮಾತಾಡುವವರಿಗೆ ಕನ್ನಡದಲ್ಲಿ ನಾನೂರು ನಾನೂರೈವತ್ತು ಪದ ಸಾಕು. ಫೋನಿನ ಟೈಮರ್ ಇಟ್ಟು ಗಟ್ಟಿಯಾಗಿ ಹೇಳಿಕೊಂಡಾಗ ನಾಲ್ಕೂವರೆ ನಿಮಿಷಕ್ಕೆ ಮುಗಿಯಬೇಕು, ಸಭೆಯಲ್ಲಿ ನಗು, ಪ್ರಶ್ನೆ ಎಲ್ಲ ಸೇರಿ ಅದು ಐದಾಗುತ್ತದೆ. ಹೆಚ್ಚಾದರೆ ಕಾರಣದ ಭಾಗದಿಂದ ಕತ್ತರಿಸಿ, ಮಾಡುವ ಬಗೆಯನ್ನು ಮುಟ್ಟಬೇಡಿ.

ಫಲ ತಿಳಿಯುವುದು ಚಪ್ಪಾಳೆಯಿಂದಲ್ಲ, ಕಾಫಿ ಹೊತ್ತಿನ ಪ್ರಶ್ನೆಗಳಿಂದ. "ನಮ್ಮಲ್ಲಿ ಅಂಥ ಗುಂಡಿ ಎರಡಿವೆ, ಯಾವುದು?" ಎಂದು ಯಾರಾದರೂ ಕೇಳಿದರೆ, ಮುಂದಿನ ವಾರ "ಒತ್ತಿದೆ, ಬೀಳಲೇ ಇಲ್ಲ ಸಾರ್" ಎಂದರೆ, ವಿಷಯ ಮುಟ್ಟಿದೆ.

ಉಪಯುಕ್ತ ವಿಷಯದ ವೇಷದಲ್ಲಿ ಜಾಹೀರಾತೇ ಬರುವುದೂ ಉಂಟು. ವಿಮೆ ಮಾಡಿಸುವವರು "ಪ್ರತಿ ಕುಟುಂಬಕ್ಕೂ ಆರೋಗ್ಯ ವಿಮೆ ಬೇಕು" ಎಂದರೆ ಅದರಂತೆ ನಡೆಯಲು ಪಾಲಿಸಿ ಕೊಳ್ಳುವುದೊಂದೇ ದಾರಿ, ಮೊದಲ ಪ್ರಶ್ನೆಯಲ್ಲೇ ಅದು ಬಿದ್ದುಹೋಗುತ್ತದೆ. ಅದೇ ಅವರು "ನಿಮ್ಮ ಹತ್ತಿರ ಈಗಾಗಲೇ ಇರುವ ಪಾಲಿಸಿಯಲ್ಲಿ ಆಸ್ಪತ್ರೆ ಕೊಠಡಿ ಬಾಡಿಗೆಗೆ ಮಿತಿ ಇದೆಯೇ ನೋಡಿ" ಎನ್ನಲಿ. ಅಂಥ ಮಿತಿಯಿರುವ ಎಷ್ಟೋ ಪಾಲಿಸಿಗಳಲ್ಲಿ, ಅದಕ್ಕಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯ ಜೊತೆಗೆ ಬಿಲ್ಲಿನ ಬೇರೆ ಖರ್ಚುಗಳಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಆ ಸಾಲನ್ನು ಹುಡುಕಲು ಯಾರಿಗೂ ಹಣ ಕೊಡಬೇಕಾಗಿಲ್ಲ, ಆ ರಾತ್ರಿಯೇ ಬೀರುವಿನಿಂದ ಪಾಲಿಸಿ ತೆಗೆದು ನೋಡಬಹುದು.