ಹೆಸರು ನೆನಪಿನಲ್ಲಿ ನಿಂತಿತೇ?

ಜಾಹೀರಾತನ್ನು ಎಷ್ಟು ಮಂದಿ ಕ್ಲಿಕ್ ಮಾಡಿದರೆಂಬ ಲೆಕ್ಕದಿಂದ ಸರಕಿನ ಹೆಸರು ಮನಸ್ಸಿನಲ್ಲಿ ನಿಂತಿತೇ ಎಂಬುದು ತಿಳಿಯದು. ಅದನ್ನು ಜನರನ್ನು ಕೇಳಿಯೇ ತಿಳಿಯಬೇಕು. ಒಂದು ಸಾಬೂನಿನ ಉದಾಹರಣೆ ನೋಡೋಣ.

“ಸಾಬೂನು ಎಂದೊಡನೆ ಯಾವ ಹೆಸರುಗಳು ನೆನಪಾಗುತ್ತವೆ?” ಎಂದು ಮೊದಲು ಕೇಳಬೇಕು. ಪಟ್ಟಿ ತೋರಿಸುವುದು ಆಮೇಲೆ. ಮೊದಲೇ ತೋರಿಸಿದರೆ ಉತ್ತರವನ್ನು ನಾವೇ ಹೇಳಿಕೊಟ್ಟಂತೆ. ಪಟ್ಟಿಯಲ್ಲಿ ಸುಳ್ಳು ಹೆಸರೊಂದಿರಲಿ. ಅದನ್ನೂ “ಬಲ್ಲೆ” ಎನ್ನುವವರು ಹಲವರಿದ್ದರೆ ಉತ್ತರಗಳಲ್ಲಿ ಊಹೆ ಬೆರೆತಿದೆಯೆಂದೇ ನಾವು ತಿಳಿಯಬೇಕು.

ಜಾಹೀರಾತಿಗೆ ಮುಂಚೆ 200 ಮಂದಿಯಲ್ಲಿ 24 ಮಂದಿ, ಅನಂತರ ಅಂಥವರೇ ಆದ ಬೇರೆ 200 ಮಂದಿಯಲ್ಲಿ 30 ಮಂದಿ ತಾವಾಗಿ ಆ ಹೆಸರು ಹೇಳಿದರೆನ್ನಿ. ಹಿಗ್ಗಬೇಕಾಗಿಲ್ಲ, ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದೀತು. 48 ಮಂದಿಯಾದರೆ ನಂಬಬಹುದು. ಅದೇ ವಾರಗಳಲ್ಲಿ ಗೂಗಲ್‌ನಲ್ಲಿ ಆ ಹೆಸರನ್ನೇ ಹುಡುಕುವವರೂ ಹೆಚ್ಚಿದ್ದರೆ ನಂಬಿಕೆ ಇನ್ನೂ ಗಟ್ಟಿ.