ನಾಯಿಯ ಗಡ್ಡೆಯ ವರದಿ: ಗ್ರೇಡ್ ಮತ್ತು ಅಂಚನ್ನು ಒಟ್ಟಿಗೆ ಓದಿ

ಏಳು ವರ್ಷದ ಲ್ಯಾಬ್ರಡಾರ್ ಒಂದರ ತೊಡೆಯ ಗಡ್ಡೆ ತೆಗೆಸಿದ್ದೀರಿ, ಬಯಾಪ್ಸಿ ವರದಿ ಬಂದಿದೆ ಎಂದುಕೊಳ್ಳಿ. ಅದರಲ್ಲಿ ಹೀಗಿದೆ: ಚರ್ಮದ ಮಾಸ್ಟ್ ಸೆಲ್ ಟ್ಯೂಮರ್, ಪಟ್ನಾಯಕ್ ಗ್ರೇಡ್ 2, ಕ್ಯುಪೆಲ್ ಲೋ ಗ್ರೇಡ್, ಮೈಟೋಟಿಕ್ ಕೌಂಟ್ 2, ಪಕ್ಕದ ಅಂಚು 8 ಮಿ.ಮೀ., ತಳದ ಅಂಚು 0.5 ಮಿ.ಮೀ.

ಮಾಸ್ಟ್ ಸೆಲ್ ಎಂದರೆ ಅಲರ್ಜಿಯಲ್ಲಿ ಹಿಸ್ಟಮೀನ್ ಸುರಿಸುವ ಕೋಶ. ಅದರ ಗಡ್ಡೆಗೆ 1984ರಲ್ಲಿ ಪಟ್ನಾಯಕ್ ಮತ್ತು ಸಂಗಡಿಗರು ಮೂರು ಗ್ರೇಡ್‌ಗಳ ಪದ್ಧತಿ ತಂದರು. ತೊಂದರೆಯೇನೆಂದರೆ, ಹೆಚ್ಚಿನ ಗಡ್ಡೆಗಳು ನಡುವಿನ 2ರಲ್ಲೇ ಬಂದು ಕೂರುತ್ತವೆ. ಅವುಗಳಲ್ಲಿ ಸಾಧುವೂ ಇದೆ, ಕ್ರೂರವೂ ಇದೆ. ಹಾಗಾಗಿ 2011ರಲ್ಲಿ ಕ್ಯುಪೆಲ್ ತಂಡ ಹೈ, ಲೋ ಎಂದು ಎರಡೇ ಭಾಗ ಮಾಡಿತು. ಸೂಕ್ಷ್ಮದರ್ಶಕದ ಹತ್ತು ಕ್ಷೇತ್ರಗಳಲ್ಲಿ ವಿಭಜನೆಯಾಗುತ್ತಿರುವ ಕೋಶಗಳು 7 ಅಥವಾ ಹೆಚ್ಚು ಕಂಡರೆ ಅದು ಹೈ. ಕೋಶಕೇಂದ್ರಗಳ ಸಂಖ್ಯೆ, ಆಕಾರ, ಗಾತ್ರ ನಿಗದಿತ ಮಿತಿ ಮೀರಿ ಕೆಟ್ಟಿದ್ದರೂ ಹೈ. ನಮ್ಮ ನಾಯಿಯ ಎಣಿಕೆ 2, ಉಳಿದ ಲಕ್ಷಣಗಳೂ ಇಲ್ಲ. ಗ್ರೇಡ್ 2 ಎಂಬುದನ್ನಷ್ಟೇ ನೋಡಿ ಎದೆಗುಂದಬೇಕಿಲ್ಲ. ಆದರೆ ಈ ಗ್ರೇಡ್‌ಗಳು ಚರ್ಮದ ಗಡ್ಡೆಗೆ ಮಾತ್ರ. ಚರ್ಮದಡಿಯ ಕೊಬ್ಬಿನಲ್ಲೇ ಹುಟ್ಟಿದ್ದಕ್ಕೆ ಇವು ಹೊಂದುವುದಿಲ್ಲ.

ಇನ್ನು ಅಂಚು. ಸರ್ಜನ್ 2 ಸೆಂ.ಮೀ. ಬಿಟ್ಟು ಕತ್ತರಿಸಿದ್ದರೂ ವರದಿಯಲ್ಲಿ ಕಡಿಮೆ ಕಾಣಬಹುದು. ಕತ್ತರಿಸಿದ ಚರ್ಮ ಕುಗ್ಗುತ್ತದೆ, ಫಾರ್ಮಲಿನ್‌ನಲ್ಲಿ ಇನ್ನಷ್ಟು. ತಳದ ಅರ್ಧ ಮಿಲಿಮೀಟರ್ ಗಾಬರಿ ಹುಟ್ಟಿಸುತ್ತದೆ ನಿಜ. ಆದರೆ ಅಲ್ಲಿ ಮಿಲಿಮೀಟರ್‌ಗಿಂತ ಮುಖ್ಯವಾದದ್ದು ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಅಂದರೆ ಫೇಷಿಯಾ. ಗಡ್ಡೆಯ ಅಡಿಯಲ್ಲಿ ಆ ಪೊರೆ ಅಖಂಡವಾಗಿ ಬಂದಿದ್ದರೆ ಅರ್ಧ ಮಿ.ಮೀ. ಕೂಡ ಒಳ್ಳೆಯ ತಡೆಯೇ. ಬರೀ ಕೊಬ್ಬಿದ್ದರೆ ಅಷ್ಟು ಭರವಸೆಯಿಲ್ಲ. ವರದಿ ಈ ಬಗ್ಗೆ ಸುಮ್ಮನಿದ್ದರೆ ವೈದ್ಯರ ಮೂಲಕ ಪೆಥಾಲಜಿಸ್ಟರನ್ನು ಕೇಳಿಸಿ. ಅಂಚು ಪೂರ್ಣ ಎಂದರೂ ಅದು ಅವರು ನೋಡಿದ ಕೆಲವೇ ಸೀಳುಗಳ ಮಾತು ಎಂಬುದು ನೆನಪಿರಲಿ.

ಅಂಚಿನಲ್ಲಿ ಗಡ್ಡೆಯ ಕೋಶಗಳಿವೆ ಎಂದಿದ್ದರೆ? ಲೋ ಗ್ರೇಡ್‌ನಲ್ಲಿ ಹಾಗಿದ್ದೂ ಮರುಕಳಿಸದ ನಾಯಿಗಳೇ ಹೆಚ್ಚು. ಗಾಯದ ಕಲೆಯನ್ನು ಸುತ್ತಲಿನ ಚರ್ಮದೊಂದಿಗೆ ಮತ್ತೆ ತೆಗೆಸಬಹುದು, ಅಥವಾ ತಿಂಗಳಿಗೊಮ್ಮೆ ಮುಟ್ಟಿ ನೋಡುತ್ತ ಕಾಯಬಹುದು. ಮತ್ತೆ ಕತ್ತರಿಸಲು ಜಾಗವಿಲ್ಲದ ಕಡೆ ರೇಡಿಯೇಷನ್ ಒಂದು ದಾರಿ. ಹೈ ಗ್ರೇಡ್ ಆದರೆ ಕಾಯುವುದು ಸಲ್ಲದು. ಅಂಚು ಪೂರ್ಣವಿದ್ದರೂ ಹೊಟ್ಟೆಯ ಸ್ಕ್ಯಾನ್ ಬೇಕು. ವಿನ್‌ಬ್ಲಾಸ್ಟಿನ್, ಪ್ರೆಡ್ನಿಸೋಲೋನ್ ಚಿಕಿತ್ಸೆಯ ಮಾತು ಬರುತ್ತದೆ. ಕೆ‌ಐಟಿ ಎಂಬ ಜೀನ್‌ನ ಪರೀಕ್ಷೆ ಟೊಸೆರನಿಬ್ ಮಾತ್ರೆ ಯೋಚಿಸಲು ನೆರವಾಗುತ್ತದೆ.

ಗ್ರೇಡ್ ಯಾವುದೇ ಇರಲಿ, ಆ ಭಾಗದ ದುಗ್ಧಗ್ರಂಥಿಯ ಸೂಜಿ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಗಾತ್ರ ಸಹಜವಿದ್ದ ಗ್ರಂಥಿಯಲ್ಲೂ ರೋಗ ಅಡಗಿರಬಹುದು. ಒಮ್ಮೆ ಈ ಗಡ್ಡೆ ಬಂದ ನಾಯಿಗೆ ಬೇರೆಡೆ ಹೊಸದೊಂದು ಹುಟ್ಟುವುದುಂಟು. ಹೊಸ ಗಂಟು ಕಂಡರೆ, ಚಿಕ್ಕದಿದ್ದರೂ, ಸೂಜಿ ಹಾಕಿಸದೆ ಬಿಡಬೇಡಿ.