ಸ್ವರದ ನಂತರ ಏನು?

1913ರಲ್ಲಿ ರಷ್ಯಾದ ಗಣಿತಜ್ಞ ಆಂದ್ರೆ ಮಾರ್ಕೊವ್ ಪುಷ್ಕಿನ್ನನ 'ಯೆವ್ಗೆನಿ ಒನೇಗಿನ್' ಕಾವ್ಯದ 20,000 ಅಕ್ಷರಗಳನ್ನು ಎಣಿಸಿದ. ಅವನ ಲೆಕ್ಕವನ್ನು ಕೋಷ್ಟಕವಾಗಿಸಿದರೆ ಹೀಗಿರುತ್ತದೆ:

```
         ಸ್ವರ    ವ್ಯಂಜನ
ಸ್ವರ     0.128   0.872
ವ್ಯಂಜನ   0.663   0.337
```

ಇಂಥ ಕೋಷ್ಟಕದ ಫೋಟೊ ಕೈಗೆ ಬಂದಾಗ ಮೊದಲು ಪ್ರತಿ ಅಡ್ಡಸಾಲನ್ನು ಕೂಡಿ ನೋಡಬೇಕು. ಮೊತ್ತ 1 ಬರಲೇಬೇಕು. ಮಸುಕಿನಲ್ಲಿ 0.337 ಅನ್ನು 0.387 ಎಂದು ಓದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅಡ್ಡಸಾಲಿನ ಬದಲು ಕಂಬಸಾಲುಗಳ ಮೊತ್ತ 1 ಬಂದರೆ ಕೋಷ್ಟಕವನ್ನು ತಿರುಗಿಸಿ ಬರೆದಿದ್ದಾರೆ ಎಂದರ್ಥ.

ಈಗ ಒಂದು ಸ್ವರ ಕಂಡಿದೆ. ಎರಡು ಹೆಜ್ಜೆಯಾಚೆ ಮತ್ತೆ ಸ್ವರ ಬರುವ ಸಂಭವ ಎಷ್ಟು? ನಡುವಿನ ಅಕ್ಷರ ಸ್ವರವಾಗಿರಬಹುದು, ವ್ಯಂಜನವೂ ಆಗಿರಬಹುದು. ಎರಡೂ ದಾರಿಗಳನ್ನು ಕೂಡಬೇಕು:

0.128 × 0.128 + 0.872 × 0.663 ≈ 0.595

ಹೆಜ್ಜೆಗಳು ಹೆಚ್ಚಿದಂತೆ ಹೊರಟ ಅಕ್ಷರದ ಪ್ರಭಾವ ಅಳಿಯುತ್ತದೆ. ಸ್ವರದ ಪಾಲು v ಒಂದೇ ಕಡೆ ನಿಲ್ಲುತ್ತದೆ. ಅದೇ ಸ್ಥಿರ ಹಂಚಿಕೆ. ಆಗ ಸ್ವರದಿಂದ ಹೊರಹೋಗುವುದು, ಒಳಬರುವುದು ಸಮ:

0.872 × v = 0.663 × (1 − v)

v ≈ 0.432. ಮಾರ್ಕೊವ್ ನೇರವಾಗಿ ಎಣಿಸಿದ ಸ್ವರಗಳು 8,638, ಅಂದರೆ ಅದೇ 0.432!

ಆದರೆ ಎರಡು ವ್ಯಂಜನಗಳ ಬೆನ್ನಿಗೆ ಮೂರನೆಯದು ಬರುವ ಸಂಭವ ಕೋಷ್ಟಕದ ಪ್ರಕಾರ 0.337, ಅವನಿಗೆ ಎಣಿಕೆಯಲ್ಲಿ ಸಿಕ್ಕಿದ್ದು 0.132 ಮಾತ್ರ. ಭಾಷೆಯ ನೆನಪು ಒಂದು ಅಕ್ಷರಕ್ಕಿಂತ ಉದ್ದ.